ಎರಡನೆಯ ದುಡಿಮೆ: ಗೆರೆ ಎಲ್ಲಿ?

2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ, ಪ್ರತಿಸ್ಪರ್ಧಿ ಸಂಸ್ಥೆಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ಕೆಲಸದಿಂದ ತೆಗೆದಿರುವುದಾಗಿ ಪ್ರಕಟಿಸಿತು. ಮರುತಿಂಗಳೇ ಇನ್ಫೊಸಿಸ್, ತನ್ನೊಡನೆ ಅಥವಾ ತನ್ನ ಗ್ರಾಹಕರೊಡನೆ ಪೈಪೋಟಿಗಿಳಿಯದ ಬಿಡಿ ಕೆಲಸವನ್ನು ಪೂರ್ವಾನುಮತಿ ಪಡೆದು ಮಾಡಬಹುದೆಂದಿತು. ಅಂದರೆ ಆಕ್ಷೇಪವಿರುವುದು ಎರಡನೆಯ ಸಂಪಾದನೆಗಲ್ಲ, ಹಿತಾಸಕ್ತಿಯ ಸಂಘರ್ಷಕ್ಕೆ.

ಹಾನಗಲ್ ತಾಲ್ಲೂಕಿನ ತಿಳವಳ್ಳಿಯ ಮನೆಯಲ್ಲೇ ಕುಳಿತು ಬೆಂಗಳೂರಿನ ಸಂಸ್ಥೆಯೊಂದಕ್ಕೆ ಬ್ಯಾಂಕ್ ತಂತ್ರಾಂಶ ಬರೆಯುವ ಯುವಕನೊಬ್ಬನನ್ನು ಊಹಿಸೋಣ. ಸಂಜೆ ಆತ ಮಕ್ಕಳಿಗೆ ಗಣಿತ ಹೇಳಿಕೊಟ್ಟರೆ ಸಂಸ್ಥೆಗೆ ನಷ್ಟವಿಲ್ಲ. ಅದೇ ಸಂಜೆ ಇನ್ನೊಂದು ಬ್ಯಾಂಕ್ ತಂತ್ರಾಂಶ ಸಂಸ್ಥೆಗೆ ದುಡಿದರೆ, ಒಂದೆಡೆಯ ಗುಟ್ಟು ಮತ್ತೊಂದೆಡೆ ಸೋರುವ ಅಪಾಯವುಂಟು. ‘ಬೇರಾವ ಉದ್ಯೋಗವನ್ನೂ ಮಾಡಕೂಡದು’ ಎಂಬ ಕರಾರು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಪ್ರತಿಸ್ಪರ್ಧಿಯ ಕೆಲಸ, ಗ್ರಾಹಕರ ಕೆಲಸ, ಕಚೇರಿ ವೇಳೆ ಮತ್ತು ಉಪಕರಣಗಳ ಬಳಕೆ ಇವಿಷ್ಟನ್ನು ಹೆಸರಿಸಿ ನಿಷೇಧಿಸಲಿ. ಉಳಿದುದಕ್ಕೆ ಲಿಖಿತ ಮಾಹಿತಿಯಷ್ಟೇ ಸಾಕೆನ್ನಲಿ. ಆಗ ಪಾಠ ಹೇಳುವವನು ಬಚ್ಚಿಡಬೇಕಾಗಿಲ್ಲ, ವಂಚಿಸುವವನಿಗೆ ನೆಪವೂ ಉಳಿಯದು.