ಹುರಿ ಸೇರಿಸಿದ ಒಂದು ಸೆಂಟಿಮೀಟರ್



ಕಳೆದ ಭಾನುವಾರ ನನ್ನ ಮೊಮ್ಮಗಳು ಗಣಿತದ ನೋಟ್‌ಬುಕ್ ತಂದು ತೋರಿಸಿದಳು. ದುಂಡಗಿನ ಐದು ವಸ್ತುಗಳ ವ್ಯಾಸ, ಪರಿಧಿ ಅಳೆದು, ಪರಿಧಿಯನ್ನು ವ್ಯಾಸದಿಂದ ಭಾಗಿಸಿ ಬರೆಯಬೇಕಿತ್ತು. ಐದೂ ಸಾಲಿನಲ್ಲಿ ಉತ್ತರ 3.14. ಒಂದರಲ್ಲೂ ತಪ್ಪಿಲ್ಲ!

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಜರ್ ಬರೆದವನು ನಾನು. ಇಷ್ಟು ಸಲೀಸಾಗಿ ತಾಳೆಯಾಗುವ ಲೆಕ್ಕ ಕಂಡರೆ ಸಂಶಯ ಬರುತ್ತದೆ. ಹತ್ತು ರೂಪಾಯಿ ನಾಣ್ಯದ ಸಾಲು ನೋಡಿದೆ. ವ್ಯಾಸ 2.7 ಸೆಂ.ಮೀ., ಪರಿಧಿ 8.478 ಸೆಂ.ಮೀ.

"ಪುಟ್ಟಿ, ನಿನ್ನ ಸ್ಕೇಲಿನಲ್ಲಿ ಮಿಲಿಮೀಟರ್ ಗೆರೆ ಮಾತ್ರ ಇದೆ. ಈ 7 ಮತ್ತು 8 ಎಲ್ಲಿಂದ ಬಂತು?"

ಅವಳು ತಲೆ ತಗ್ಗಿಸಿದಳು. "ಅಳೆದಾಗ ಸರಿಯಾಗಿ ಬರಲೇ ಇಲ್ಲ ತಾತ. ಅದಕ್ಕೆ ವ್ಯಾಸವನ್ನು 3.14ರಿಂದ ಗುಣಿಸಿ ಬರೆದುಬಿಟ್ಟೆ."

"ಅಳೆದದ್ದು ಎಲ್ಲಿದೆ?" ಎಂದೆ. ಪುಸ್ತಕದ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು. ಪುಣ್ಯಕ್ಕೆ ಅಳಿಸಿರಲಿಲ್ಲ.

ಹತ್ತು ರೂಪಾಯಿ ನಾಣ್ಯ: ವ್ಯಾಸ 2.7, ಪರಿಧಿ 9.4
ಜಾಮ್ ಬಾಟಲಿಯ ಮುಚ್ಚಳ: ವ್ಯಾಸ 6.5, ಪರಿಧಿ 21.2
ಕಾಫಿಪುಡಿ ಡಬ್ಬ: ವ್ಯಾಸ 10.4, ಪರಿಧಿ 33.6
ಅಕ್ಕಿ ಹಿಟ್ಟಿನ ಡಬ್ಬ: ವ್ಯಾಸ 19.0, ಪರಿಧಿ 63.8
ಊಟದ ತಟ್ಟೆ: ವ್ಯಾಸ 27.0, ಪರಿಧಿ 85.5

ಎಲ್ಲವೂ ಸೆಂಟಿಮೀಟರಿನಲ್ಲಿ. ನಾಣ್ಯ ತೆಳ್ಳಗಿರುವುದರಿಂದ ಮೂರು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಹುರಿ ಸುತ್ತಿದ್ದಳು. ಒಳ್ಳೆಯ ಉಪಾಯವೇ. ಆದರೆ ಭಾಗಿಸಿದರೆ ನಾಣ್ಯಕ್ಕೆ 3.48, ತಟ್ಟೆಗೆ 3.17. ಮಗು ಗಾಬರಿಯಾದದ್ದು ಸಹಜವೇ.

"ಇದನ್ನು ಗ್ರಾಫ್ ಹಾಳೆಯ ಮೇಲೆ ಹಾಕೋಣ ಬಾ" ಎಂದೆ. ಅಡ್ಡ ಗೆರೆಯಲ್ಲಿ ವ್ಯಾಸ, ಒಂದು ಸೆಂಟಿಮೀಟರಿಗೆ 2 ಸೆಂ.ಮೀ. ಲೆಕ್ಕ. ನಿಂತ ಗೆರೆಯಲ್ಲಿ ಪರಿಧಿ, ಒಂದು ಸೆಂಟಿಮೀಟರಿಗೆ 5 ಸೆಂ.ಮೀ. ಲೆಕ್ಕ. ಐದು ಚುಕ್ಕೆ ಇಟ್ಟಳು. ನಾಲ್ಕು ಚುಕ್ಕೆಗಳು ಸಾಲಾಗಿ ನಿಂತವು. ಹಿಟ್ಟಿನ ಡಬ್ಬದ ಚುಕ್ಕೆ ಮಾತ್ರ ಸಾಲು ಬಿಟ್ಟು ಎಡಕ್ಕೆ ಸರಿದು ಕೂತಿತ್ತು.

ಡಬ್ಬವನ್ನು ಮತ್ತೆ ತಂದೆವು. ಅವಳು ಸ್ಕೇಲನ್ನು ಬಾಯಿಯ ಮೇಲೆ ಕಣ್ಣಂದಾಜಿನಲ್ಲಿ ಇಟ್ಟಿದ್ದಳು. ಅದು ನಡುವಿನಿಂದ ಸುಮಾರು ಮೂರು ಸೆಂಟಿಮೀಟರ್ ಪಕ್ಕಕ್ಕೆ ಹೋಗಿತ್ತು. ವೃತ್ತದ ಅಡ್ಡಕ್ಕೆ ಎಷ್ಟು ಗೆರೆ ಎಳೆದರೂ ನಡುವೆ ಹಾದುಹೋಗುವುದೇ ಎಲ್ಲಕ್ಕಿಂತ ಉದ್ದ, ಅದೇ ವ್ಯಾಸ. ಆದ್ದರಿಂದ ಸ್ಕೇಲಿನ ಸೊನ್ನೆಯನ್ನು ಒಂದು ಅಂಚಿನಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಆಚೀಚೆ ಆಡಿಸಿ, ಬರುವ ಅತಿ ದೊಡ್ಡ ಅಳತೆಯನ್ನು ಬರೆದುಕೊಳ್ಳಬೇಕು. ಹಾಗೆ ಮಾಡಿದಾಗ 20.0 ಬಂತು.

ಅವಳು ರಬ್ಬರ್ ಎತ್ತಿಕೊಂಡಳು. "ಬೇಡ" ಎಂದೆ. ನಮ್ಮ ಲೆಜರಿನಲ್ಲಿ ತಪ್ಪು ಅಂಕಿಯನ್ನು ಅಳಿಸುವಂತಿರಲಿಲ್ಲ. ಓದಲು ಬರುವಂತೆ ಒಂದೇ ಗೆರೆ ಹೊಡೆದು, ಸರಿ ಅಂಕಿ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕುತ್ತಿದ್ದೆವು. ಅವಳೂ 19.0ಕ್ಕೆ ಗೆರೆ ಹೊಡೆದು, 20.0 ಬರೆದು, ದೊಡ್ಡ ಆಫೀಸರಿಣಿಯಂತೆ ಸಹಿ ಹಾಕಿದಳು. ಚುಕ್ಕೆ ಸಾಲಿಗೆ ಬಂತು.

ಈಗ ಪಾರದರ್ಶಕ ಸ್ಕೇಲಿಟ್ಟು, ಚುಕ್ಕೆಗಳಿಗೆಲ್ಲ ಆದಷ್ಟು ಹತ್ತಿರ ಹೋಗುವಂತೆ ಒಂದು ನೇರ ಗೆರೆ ಎಳೆಯಬೇಕು. ಮೊಮ್ಮಗಳು ಅದನ್ನು ಸೊನ್ನೆಯ ಮೂಲಕ ಎಳೆಯಲು ಹೊರಟಳು. "ವ್ಯಾಸ ಸೊನ್ನೆಯಾದರೆ ಪರಿಧಿಯೂ ಸೊನ್ನೆ ಅಲ್ವಾ ತಾತ?" ಮಾತು ಸರಿಯೇ. ಆದರೆ ಚುಕ್ಕೆಗಳು ಹಾಗೆ ಹೇಳುತ್ತಿರಲಿಲ್ಲ. ಅವು ಹೇಳಿದಂತೆ ಎಳೆದಾಗ ಗೆರೆ ನಿಂತ ಗೆರೆಯನ್ನು ಸೊನ್ನೆಗಿಂತ ಸುಮಾರು ಎರಡು ಸಣ್ಣ ಚೌಕ ಮೇಲೆ ಮುಟ್ಟಿತು. ಅಂದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್. ಇಲ್ಲದ ವಸ್ತುವಿಗೆ ಒಂದು ಸೆಂಟಿಮೀಟರ್ ಪರಿಧಿ!

ಈ ಹೆಚ್ಚುವರಿ ಜಮಾ ಎಲ್ಲಿಂದ ಬಂತು? ನಾನು ಅವಳು ಸುತ್ತಿದ್ದ ಹುರಿಯನ್ನು ಕೇಳಿದೆ. ಪಾರ್ಸೆಲ್ ಕಟ್ಟುವ ದಪ್ಪ ಸಣಬಿನ ಹುರಿ. ಪೆನ್ಸಿಲಿಗೆ ಅದನ್ನು ಒತ್ತೊತ್ತಾಗಿ ಹತ್ತು ಸುತ್ತು ಸುತ್ತಿ ಅಳೆದೆವು. ಹತ್ತು ಸುತ್ತಿಗೆ 3 ಸೆಂ.ಮೀ., ಒಂದು ಹುರಿಯ ದಪ್ಪ 3 ಮಿ.ಮೀ.

ಹುರಿ ವಸ್ತುವಿನ ಹೊರಗೆ ಕೂರುತ್ತದೆ. ನಾವು ಅಳೆಯುವುದು ಹುರಿಯ ನಡುಭಾಗದ ಉದ್ದವನ್ನು. ಆ ನಡುಭಾಗ ಒಂದು ಬದಿಗೆ ಒಂದೂವರೆ ಮಿಲಿಮೀಟರ್, ಇನ್ನೊಂದು ಬದಿಗೆ ಒಂದೂವರೆ ಮಿಲಿಮೀಟರ್ ಹೊರಗಿರುತ್ತದೆ. ಹೀಗೆ ವ್ಯಾಸವೇ 3 ಮಿ.ಮೀ. ಹೆಚ್ಚಿದಂತಾಯಿತು. ಅದರ ಪರಿಧಿ 0.3 × 3.14, ಅಂದರೆ ಸುಮಾರು 0.94 ಸೆಂ.ಮೀ. ಗೆರೆ ತೋರಿಸಿದ ಒಂದು ಸೆಂಟಿಮೀಟರ್ ಇದೇ!

ಇದರಲ್ಲಿ ಒಂದು ಸ್ವಾರಸ್ಯವಿದೆ. ನಾಣ್ಯವಾಗಲಿ ತಟ್ಟೆಯಾಗಲಿ, ಹುರಿ ಸೇರಿಸುವುದು ಅದೇ 0.94. ದೊಡ್ಡ ತಟ್ಟೆಗೆ ಅದು ಲೆಕ್ಕಕ್ಕಿಲ್ಲ, ಪುಟ್ಟ ನಾಣ್ಯಕ್ಕೆ ಅದೇ ಭಾರ. ಅದಕ್ಕೇ ನಾಣ್ಯದ ಉತ್ತರ ಹೆಚ್ಚು ಕೆಟ್ಟಿತ್ತು. ಐದೂ ಉತ್ತರಗಳ ಸರಾಸರಿ ತೆಗೆದರೂ ಉಪಯೋಗವಿಲ್ಲ, 3.27 ಬರುತ್ತದೆ. ಎಲ್ಲ ತಪ್ಪುಗಳೂ ಒಂದೇ ಕಡೆಗೆ ವಾಲಿದ್ದರೆ ಸರಾಸರಿ ಅವನ್ನು ಕಳೆಯುವುದಿಲ್ಲ. ಆದರೆ ಎಲ್ಲ ಚುಕ್ಕೆಗಳೂ ಒಂದೇ ಅಳತೆಯಷ್ಟು ಮೇಲೆದ್ದರೆ ಗೆರೆ ಇಡಿಯಾಗಿ ಮೇಲೇಳುತ್ತದೆ, ಅದರ ಏರು ಮಾತ್ರ ಬದಲಾಗುವುದಿಲ್ಲ. ನಮಗೆ ಬೇಕಾದ ಪೈ ಇರುವುದು ಆ ಏರಿನಲ್ಲಿ.

ಗೆರೆಯ ಮೇಲೆ ದೂರದೂರದ ಎರಡು ಜಾಗ ಆರಿಸಿದೆವು. ವ್ಯಾಸ 5 ಇರುವಲ್ಲಿ ಪರಿಧಿ 16.5, ವ್ಯಾಸ 25 ಇರುವಲ್ಲಿ 79.5. ಪರಿಧಿ ಏರಿದ್ದು 63, ವ್ಯಾಸ ಏರಿದ್ದು 20. ಭಾಗಿಸಿದರೆ 3.15. ಹುರಿ ಸುಳ್ಳು ಹೇಳಿದರೂ ಗೆರೆ ನಿಜ ಹೇಳಿತು.

"3.14 ಬರಲಿಲ್ಲವಲ್ಲ!" ಎಂದಳು. ಈ ಹಾಳೆಯಲ್ಲಿ ಒಂದು ಸಣ್ಣ ಚೌಕ ಅಂದರೆ ಅರ್ಧ ಸೆಂಟಿಮೀಟರ್ ಪರಿಧಿ. ಓದುವಾಗ ಒಂದು ಚೌಕ ಹೆಚ್ಚುಕಡಿಮೆಯಾದರೆ ಉತ್ತರ 0.025ರಷ್ಟು ಅಲುಗಾಡುತ್ತದೆ. ಹಾಗಾಗಿ ನಮ್ಮ ಮನೆಯ ಗೆರೆಗೆ 3.15 ಪ್ರಾಮಾಣಿಕ ಉತ್ತರ. ಆರ್ಯಭಟನು 20,000 ವ್ಯಾಸದ ವೃತ್ತಕ್ಕೆ 62,832 ಪರಿಧಿ ಎಂದು ಹೇಳಿದಾಗ, ಅಂದರೆ 3.1416 ಕೊಟ್ಟಾಗ, ಅದನ್ನು 'ಆಸನ್ನ' ಎಂದೇ ಕರೆದ. ಆಸನ್ನ ಎಂದರೆ ಹತ್ತಿರದ್ದು. ಅಷ್ಟು ದೊಡ್ಡವನೇ ಹತ್ತಿರದ್ದು ಎಂದಿರುವಾಗ ನಮಗೇಕೆ ಸಂಕೋಚ?

ಸಂಜೆ ಹುರಿ ಬಿಟ್ಟು, ತೆಳ್ಳನೆಯ ಕಾಗದದ ಪಟ್ಟಿ ಸುತ್ತಿ ಮತ್ತೆ ಅಳೆದೆವು. ನಾಣ್ಯಕ್ಕೆ 8.5, ತಟ್ಟೆಗೆ 84.7. ಈ ಸಲ ಗೆರೆ ತಾನಾಗಿಯೇ ಸೊನ್ನೆಗೆ ಬಂದು ಸೇರಿತು.

ಸೋಮವಾರ ಅವಳು ಎರಡೂ ಗ್ರಾಫುಗಳನ್ನು ಶಾಲೆಗೆ ಒಯ್ದಳು. ಹಳೆಯ ಪುಟದ ಐದು 3.14ಗಳಿಗೂ ಒಂದೊಂದು ಗೆರೆ, ಪಕ್ಕದಲ್ಲಿ ಒಂದೊಂದು ಸಹಿ. ಅದನ್ನು ನಾನು ಹೇಳಿರಲಿಲ್ಲ.

ಈ ವಾರ ನೀವೂ ಮಾಡಿ ನೋಡಿ. ಒಮ್ಮೆ ದಪ್ಪ ಹುರಿ, ಒಮ್ಮೆ ಕಾಗದದ ಪಟ್ಟಿ. ಚಿಕ್ಕದರಲ್ಲಿ ಚಿಕ್ಕದು, ದೊಡ್ಡದರಲ್ಲಿ ದೊಡ್ಡ ವಸ್ತು ಆರಿಸಿಕೊಳ್ಳಿ. ಅಜ್ಜಿಯ ಬಳೆ ಕೇಳಿದರೆ ಮೊದಲು ಅಪ್ಪಣೆ ಪಡೆಯಿರಿ, ಮತ್ತೆ ಒಳಸುತ್ತೋ ಹೊರಸುತ್ತೋ ನಿರ್ಧರಿಸಿ ವ್ಯಾಸವನ್ನೂ ಅದರದ್ದೇ ಅಳೆಯಿರಿ. ಹುರಿಯ ಗೆರೆ ಎಷ್ಟು ಚೌಕ ಮೇಲೆ ಮುಟ್ಟಿತು ಎಂದು ನೋಡಿ, ಅದರಿಂದ ನಿಮ್ಮ ಹುರಿಯ ದಪ್ಪ ಲೆಕ್ಕ ಹಾಕಿ. ಆಮೇಲೆ ಪೆನ್ಸಿಲಿಗೆ ಸುತ್ತಿ ತಾಳೆ ನೋಡಿ.