ಕಡಲಿಗೆ ಹರಿದ ನೀರು ಪೋಲಲ್ಲ

‘ನದಿ ನೀರು ಸಮುದ್ರಕ್ಕೆ ಹೋಗಿ ಪೋಲಾಗುತ್ತಿದೆ’ ಎಂಬ ಮಾತಿಗೆ ನನ್ನ ತಕರಾರಿದೆ.

ಹೈದರಾಬಾದಿನ ಹುಸೇನ್ ಸಾಗರದ ಹೆಚ್ಚುವರಿ ನೀರು ನಾರಾಯಣಗೂಡದ ನಾಲೆಯಲ್ಲಿ ಹರಿದು ಮೂಸಿಗೆ, ವಾಡಪಲ್ಲಿಯಲ್ಲಿ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಸೇರುತ್ತದೆ. ಮಳೆನೀರು ಬಂಡೆಗಳಿಂದ ಕರಗಿಸಿದ ಲವಣವೂ ಜೊತೆಗೆ ಹೋಗುತ್ತದೆ. ನದಿಯಲ್ಲಿ ಅದು ನಾಲಿಗೆಗೆ ತಿಳಿಯದಷ್ಟು ಕಡಿಮೆ. ಕಡಲಿನಿಂದ ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ಜ್ವಾಲಾಮುಖಿಗಳು ಉಗುಳಿದ ಕ್ಲೋರಿನ್ ಅಂಶವೂ ಅದಕ್ಕೆ ಸೇರಿದೆ. ಹೀಗೆ ಯುಗಯುಗಗಳಿಂದ ಕೂಡಿ, ತೆರೆದ ಕಡಲಿನ ಒಂದು ಕಿಲೋ ನೀರಿನಲ್ಲಿ ಇಂದು ಸುಮಾರು 35 ಗ್ರಾಂ ಲವಣವಿದೆ.

ಕೆರೆಗಳಿಗೂ ಇದೇ ಲೆಕ್ಕ. ಹುಸೇನ್ ಸಾಗರಕ್ಕೆ ಕೋಡಿಯಿದೆ, ಲವಣ ಹೊರಗೆ ಹರಿಯುತ್ತದೆ. ಮಹಾರಾಷ್ಟ್ರದ ಲೋಣಾರ್ ಸರೋವರಕ್ಕೆ ಹೊರದಾರಿಯೇ ಇಲ್ಲ, ಹಾಗಾಗಿ ಅದು ಉಪ್ಪು.

ಅಳಿವೆಯಲ್ಲಿ ಮಾತ್ರ ಎರಡೂ ನೀರು ಎದುರಾಗುತ್ತವೆ. ಭಾರವಾದ ಉಪ್ಪುನೀರು ತಳದಲ್ಲಿ ಒಳನುಗ್ಗುತ್ತದೆ, ಸಿಹಿನೀರು ಮೇಲೆ ತೇಲುತ್ತದೆ. ಅದಕ್ಕೇ ಮೇಲಿನ ನೀರನ್ನಷ್ಟೇ ಪರೀಕ್ಷಿಸಿದರೆ ಮೋಸಹೋಗುತ್ತೇವೆ. ತಳದ ನೀರನ್ನೂ ಎತ್ತಿ ನೋಡಬೇಕು. ಕಡಲನ್ನು ಹಿಂದಕ್ಕೆ ತಳ್ಳುವುದು ನದಿಯ ಹರಿವು. ಮೇಲೆ ಅಣೆಕಟ್ಟುಗಳಲ್ಲಿ ನೀರು ನಿಂತಷ್ಟೂ ಉಪ್ಪು ಒಳನಾಡಿಗೆ ಏರುತ್ತದೆ, ದಡದ ಬಾವಿ, ಗದ್ದೆಗಳಿಗೂ ಇಳಿಯುತ್ತದೆ.

ಕಡಲು ಮುಟ್ಟುವ ನೀರು ಗದ್ದೆಗೆ ಕಾವಲು ಕಾಯುತ್ತಿದೆ. ನೀರು ಹಂಚುವವರು ಅಳಿವೆಗೂ ಒಂದು ಪಾಲು ಬರೆದಿಡಲಿ.