ಕೆಂಪು ಮಸಿಯ ನಕಲು

ಅಜ್ಜೀಪುರದ ಹುಡುಗನೊಬ್ಬ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಗೆ ಕುಳಿತಾಗ ಉತ್ತರಪತ್ರಿಕೆಯ ಮೇಲೆ ತನ್ನ ಹೆಸರು ಬರೆಯುವಂತಿಲ್ಲ, ನೋಂದಣಿ ಸಂಖ್ಯೆಯನ್ನಷ್ಟೇ ಬರೆಯಬೇಕು. ಬರೆದವರು ಯಾರೆಂದು ತಿದ್ದುವವರಿಗೆ ತಿಳಿಯಬಾರದೆಂಬ ಈ ಎಚ್ಚರಿಕೆ ಚೀನದಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆ, ಸೊಂಗ್ ಅರಸರ ಕಾಲದಲ್ಲೇ ಇತ್ತು. ಅಲ್ಲಿ ಹೆಸರನ್ನು ಮುಚ್ಚಿ ಅಂಟಿಸಿದರೆ ಸಾಲದೆಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಅಭ್ಯರ್ಥಿ ಕರಿ ಮಸಿಯಲ್ಲಿ ಬರೆದುದನ್ನು ಗುಮಾಸ್ತರು ಕೆಂಪು ಮಸಿಯಲ್ಲಿ ನಕಲು ಮಾಡುತ್ತಿದ್ದರು. ಬೇರೆಯವರು ಎರಡನ್ನೂ ತಾಳೆ ನೋಡುತ್ತಿದ್ದರು. ಪರೀಕ್ಷಕರ ಕೈಗೆ ಸಿಗುತ್ತಿದ್ದುದು ಕೆಂಪು ಪ್ರತಿ ಮಾತ್ರ. ಹೀಗಾಗಿ ಅಕ್ಷರದ ಗುರುತೂ ಹತ್ತುತ್ತಿರಲಿಲ್ಲ.

ಆದರೂ ಕಳ್ಳದಾರಿ ಇತ್ತು. ಪ್ರಬಂಧದ ಇಂಥ ಜಾಗದಲ್ಲಿ ಇಂಥ ಪದ ಬರುತ್ತದೆಂದು ಪರೀಕ್ಷಕರೊಡನೆ ಮೊದಲೇ ಮಾತಾಡಿಕೊಂಡಿದ್ದರೆ ಯಾವ ಮಸಿಯೂ ಅದನ್ನು ಮರೆಸಲಾರದು. 1858ರಲ್ಲಿ ಬೀಜಿಂಗಿನ ಪರೀಕ್ಷೆಯ ಅಕ್ರಮ ಬಯಲಾದಾಗ, ಮುಖ್ಯ ಪರೀಕ್ಷಕನಾಗಿದ್ದ ಹಿರಿಯ ಮಂತ್ರಿ ಬೈ ಜುನ್‌ನ ತಲೆಯನ್ನೇ ಮರುವರ್ಷ ತೆಗೆಸಲಾಯಿತು.

ಮೂರು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಪ್ರಾಂತ ಮಟ್ಟದ ಪರೀಕ್ಷೆಯಲ್ಲಿ ಅಭ್ಯರ್ಥಿ ಬಾಗಿಲಿಲ್ಲದ ಇಕ್ಕಟ್ಟಾದ ಗೂಡಿನಲ್ಲಿ ಕೂರಬೇಕಿತ್ತು. ಗೂಡಿನಲ್ಲಿ ಇರುತ್ತಿದ್ದುದು ಎರಡು ಹಲಗೆ. ಹಗಲು ಒಂದು ಆಸನ, ಒಂದು ಮೇಜು. ರಾತ್ರಿ ಎರಡನ್ನೂ ಜೋಡಿಸಿದರೆ ಹಾಸಿಗೆ. ನಾನ್‌ಜಿಂಗ್‌ನ ಪರೀಕ್ಷಾಂಗಣದಲ್ಲಿ ಇಂಥ ಗೂಡುಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚಿದ್ದವು. ತೇರ್ಗಡೆಯಾಗುತ್ತಿದ್ದವರು ನೂರಕ್ಕೆ ಒಬ್ಬರೋ ಇಬ್ಬರೋ.

ಇಷ್ಟಕ್ಕೂ ಏನು ಓದಬೇಕಿತ್ತು? ಕನ್‌ಫ್ಯೂಷಿಯಸ್‌ನ ಪರಂಪರೆಯ ಗ್ರಂಥಗಳನ್ನು. ಕ್ರಿ.ಪೂ. 136ರಲ್ಲಿ ಹಾನ್ ವಂಶದ ಚಕ್ರವರ್ತಿ ವೂ ಈ ಗ್ರಂಥಗಳ ಬೋಧನೆಗೆಂದೇ ಆಸ್ಥಾನದಲ್ಲಿ ಪಂಡಿತರನ್ನು ನೇಮಿಸಿದ. ಅಲ್ಲಿಂದ ಅದು ಸರ್ಕಾರಿ ಸಿದ್ಧಾಂತ. 1313ರ ರಾಜಾಜ್ಞೆಯಂತೆ ಅವುಗಳಿಗೆ ಝೂ ಶೀ ಬರೆದ ವ್ಯಾಖ್ಯಾನವೇ ಪ್ರಮಾಣವಾಯಿತು. ತಮಾಷೆಯೆಂದರೆ, ಇದೇ ಝೂ ಶೀಯ ಬೋಧನೆಯನ್ನು ಅವನ ಕೊನೆಗಾಲದಲ್ಲಿ ಸರ್ಕಾರವೇ ಸುಳ್ಳು ವಿದ್ಯೆಯೆಂದು ನಿಷೇಧಿಸಿತ್ತು! ಪ್ರಬಂಧದಲ್ಲಿ ಆ ವ್ಯಾಖ್ಯಾನ ಬಿಟ್ಟು ಸ್ವಂತ ಅರ್ಥ ಹೇಳುವುದು ಫೇಲಾಗುವ ಸುಲಭ ದಾರಿ.

ಗ್ವಾಂಗ್‌ಝೋ ಬಳಿಯ ರೈತ ಕುಟುಂಬದ ಹೊಂಗ್ ಶಿಯುಚುವಾನ್ ಹಳ್ಳಿ ಮೇಷ್ಟ್ರು. ಮನೆಯವರ ಆಸೆಯೆಲ್ಲ ಅವನ ಮೇಲಿತ್ತು. ಮೊದಲ ಪದವಿಯ ಪರೀಕ್ಷೆಯಲ್ಲೇ ನಾಲ್ಕು ಸಲ ನಪಾಸಾದ. 1837ರಲ್ಲಿ ಸೋತು ಜ್ವರ ಹಿಡಿದು ಮಲಗಿದಾಗ ಕಂಡ ಕನಸುಗಳಿಗೆ, 1843ರ ಸೋಲಿನ ನಂತರ ಓದಿದ ಒಂದು ಕ್ರೈಸ್ತ ಪುಸ್ತಿಕೆಯಲ್ಲಿ ಅರ್ಥ ಹುಡುಕಿಕೊಂಡ. ತಾನು ಏಸುವಿನ ತಮ್ಮನೆಂದು ನಂಬಿದ. ಆಮೇಲೆ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಶಾಲೆಯಲ್ಲಿದ್ದ ಕನ್‌ಫ್ಯೂಷಿಯಸ್‌ನ ಫಲಕವನ್ನು ತೆಗೆದುಹಾಕಿದ್ದು. ಮೇಷ್ಟ್ರ ಕೆಲಸ ಹೋಯಿತು. ಅವನು ಹೂಡಿದ ತೈಪಿಂಗ್ ದಂಗೆ 1864ರವರೆಗೆ ನಡೆದು, ಸತ್ತವರ ಸಂಖ್ಯೆ ಎರಡು ಕೋಟಿಗೂ ಮಿಕ್ಕಿತೆಂದು ಅಂದಾಜು. ಇಷ್ಟಕ್ಕೆಲ್ಲ ಪರೀಕ್ಷೆಯೊಂದೇ ಕಾರಣವಲ್ಲ. ಬಡತನ, ಕ್ಷಾಮ, ದುರಾಡಳಿತಗಳೂ ಇದ್ದವು.

ಆ ಫಲಕದ ವಿಚಾರಕ್ಕೇ ಬರೋಣ. ಅದರ ಮುಂದೆ ಧೂಪ ಹಾಕಿ ತಲೆಬಾಗುತ್ತಿದ್ದರು. ಸರ್ಕಾರಿ ಶಾಲೆಯ ಜೊತೆಗೆ ಕನ್‌ಫ್ಯೂಷಿಯಸ್‌ನ ಗುಡಿ ಇರುತ್ತಿತ್ತು. ಹಾಗಾದರೆ ಅದು ಪೂಜೆಯೋ, ಗುರುವಂದನೆಯೋ? ಚೀನಕ್ಕೆ ಹೋದ ಪಾದ್ರಿ ಮತ್ತೇಯೊ ರಿಚ್ಚಿ ಗುರುವಂದನೆಯೆಂದ. 1704ರಲ್ಲಿ ಪೋಪರು ಪೂಜೆಯೆಂದು ತೀರ್ಮಾನಿಸಿ ಕ್ರೈಸ್ತರಿಗೆ ನಿಷೇಧಿಸಿದರು. 1939ರಲ್ಲಿ ರೋಮ್ ಆ ನಿಷೇಧ ಸಡಿಲಿಸಿತು. ಚೀನೀಯರಲ್ಲಿ ಈ ಪ್ರಶ್ನೆಯೇ ಹೊಸದು. ಇಂಗ್ಲಿಷಿನ ‘ರಿಲಿಜನ್’ಗೆ ಸಮನಾದ ಅವರ ಪದ 19ನೇ ಶತಮಾನದ ಕೊನೆಗೆ ಜಪಾನಿನಿಂದ ಬಂದದ್ದು.

ಕನ್ನಡದಲ್ಲಿ ಕೇಳಿದರೆ ಗಂಟು ಸ್ವಲ್ಪ ಬಿಡಿಸಿಕೊಳ್ಳುತ್ತದೆ. ಮಗ, ತಂದೆ, ಅಧಿಕಾರಿ, ಅರಸ ಯಾರು ಹೇಗೆ ನಡೆಯಬೇಕೆಂದು ಹೇಳುವುದರಿಂದ ಅದು ‘ಧರ್ಮ’ ಹೌದು. ‘ಮತ’ ಎನ್ನುವುದು ಕಷ್ಟ. ಅದಕ್ಕೆ ದೀಕ್ಷೆಯಿಲ್ಲ, ಪುರೋಹಿತ ವರ್ಗವಿಲ್ಲ. ಅಧಿಕಾರಿಯೇ ಗುಡಿಯಲ್ಲಿ ವಿಧಿ ನಡೆಸಿ ಕಚೇರಿಗೆ ಹೋಗುತ್ತಿದ್ದ. ಮನೆಯಲ್ಲಿ ಬುದ್ಧನನ್ನು ಪೂಜಿಸಿದರೂ ಯಾರೂ ತಡೆಯುತ್ತಿರಲಿಲ್ಲ. ಆದರೆ ಚಕ್ರವರ್ತಿಯೇ ವರ್ಷಕ್ಕೊಮ್ಮೆ ಆಕಾಶಕ್ಕೆ ಬಲಿ ಅರ್ಪಿಸುತ್ತಿದ್ದುದನ್ನು ನೋಡಿದರೆ, ಬರಿಯ ನೀತಿಬೋಧೆ ಎಂದುಬಿಡುವುದೂ ತಪ್ಪು.

1905ರಲ್ಲಿ ಪರೀಕ್ಷೆ ರದ್ದಾಯಿತು. ಅದನ್ನು ಓದಿದರೆ ಸಿಗುತ್ತಿದ್ದ ನೌಕರಿಯೂ ಹೋಯಿತು. ಕನ್‌ಫ್ಯೂಷಿಯಸ್‌ನ ಬೋಧನೆಯನ್ನು ರಾಷ್ಟ್ರಮತ ಮಾಡಬೇಕೆಂದು ಕಾಂಗ್ ಯೂವೆಯ್ ಮತ್ತು ಅವನ ಸಂಗಡಿಗರು ಹೋರಾಡಿದರೂ ಫಲಿಸಲಿಲ್ಲ. ಇಂದು ಚೀನ ಸರ್ಕಾರ ಮಾನ್ಯ ಮಾಡಿರುವ ಐದು ಮತಗಳಲ್ಲಿ ಅದರ ಹೆಸರಿಲ್ಲ. ಇಂಡೊನೇಷ್ಯದಲ್ಲಿ ಮಾತ್ರ, ದಶಕಗಳ ಅಡೆತಡೆಯ ನಂತರ, 2006ರಿಂದ ಗುರುತಿನ ಚೀಟಿಯ ಮತದ ಕಾಲಂನಲ್ಲಿ ಅದನ್ನು ಬರೆಸಬಹುದಾಗಿದೆ.